ಕೊಬ್ಬರಿ ಎಣ್ಣೆಯ ಬಾಟಲಿಯೂ ಕಪ್ಪು ಹಲಗೆಯ ಒಂದು ವಾಕ್ಯವೂ

ನನ್ನ ಅಭ್ಯಾಸ ಬೋಧನೆ ಚಿಕ್ಕಮಗಳೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಜನವರಿ ತಿಂಗಳಲ್ಲಿ ನಡೆಯಿತು. ಒಂಬತ್ತನೇ ತರಗತಿಯ ಜೀವಕೋಶದ ಪಾಠವನ್ನು ಪುನರಾವರ್ತನೆಗೆಂದು ನನಗೆ ಕೊಟ್ಟಿದ್ದರು. ಕೋಶಪೊರೆ ಬಳುಕುವ ಗುಣವುಳ್ಳದ್ದು, ಲಿಪಿಡ್ ಮತ್ತು ಪ್ರೋಟೀನುಗಳಿಂದ ಆದದ್ದು, ಆ ಬಳುಕುವ ಗುಣದಿಂದಲೇ ಅಮೀಬಾ ಆಹಾರವನ್ನು ಸುತ್ತುವರಿದು ಒಳಗೆ ತೆಗೆದುಕೊಳ್ಳುತ್ತದೆ ಎಂಬಷ್ಟು ಪಠ್ಯದಲ್ಲಿದೆ. ಅಷ್ಟನ್ನೇ ಚೆನ್ನಾಗಿ ಹೇಳಿದ್ದರೆ ಸಾಕಿತ್ತು. ಆದರೆ ನಾನು ಜೀವರಸಾಯನ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿ ಬಂದವಳು. ಪೊರೆ ಯಾಕೆ ಬಳುಕುತ್ತದೆ ಎಂದು ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪಲಿಲ್ಲ.

ಆ ದಿನ ಬೆಳಿಗ್ಗೆ ಹಾಸ್ಟೆಲಿನಲ್ಲಿ ತಲೆಗೆ ಹಚ್ಚಿಕೊಳ್ಳಲು ತೆಗೆದ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಪಕ್ಕದ ಅಡುಗೆಮನೆಯಲ್ಲಿ ಸೂರ್ಯಕಾಂತಿ ಎಣ್ಣೆ ಎಂದಿನಂತೆ ಸುರಿಯುತ್ತಿತ್ತು. ಇದಕ್ಕಿಂತ ಒಳ್ಳೆಯ ಬೋಧನೋಪಕರಣ ಎಲ್ಲಿ ಸಿಗುತ್ತದೆ ಎಂದು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೋದೆ. ಪಾಠ ಯೋಜನೆಯ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಹಂತ ಸೇರಿಸಿಕೊಂಡೆ.

ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿಯೇ ಹೋಯಿತು. ಬಾಟಲಿಗಳನ್ನು ತಲೆಕೆಳಗು ಮಾಡಿ ತೋರಿಸಿದೆ. ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳು ಬಹುಪಾಲು ಪರ್ಯಾಪ್ತ, ಅಂದರೆ ಅವುಗಳ ಬಾಲಗಳು ನೇರವಾಗಿರುತ್ತವೆ, ಸೌದೆ ಜೋಡಿಸಿದ ಹಾಗೆ ಒತ್ತೊತ್ತಾಗಿ ಕೂರುತ್ತವೆ ಎಂದೆ. ಸೂರ್ಯಕಾಂತಿ ಎಣ್ಣೆಯವು ಬಹುಪಾಲು ಅಪರ್ಯಾಪ್ತ, ಬಾಲದಲ್ಲಿ ಸೊಟ್ಟ ಇರುತ್ತದೆ, ಸೊಟ್ಟ ಸೌದೆಯನ್ನು ಒತ್ತಿ ಜೋಡಿಸಲು ಆಗುವುದಿಲ್ಲ ಎಂದೆ. ಮಲೆನಾಡಿನ ಮಕ್ಕಳಿಗೆ ಸೌದೆ ಪೇರಿಸುವುದನ್ನು ನಾನು ವಿವರಿಸಬೇಕಾಗಿರಲಿಲ್ಲ. ಕೋಶಪೊರೆಯಲ್ಲೂ ಇಂಥ ಬಾಲಗಳೇ ಇವೆ ಎಂದು ಹೇಳಿ, ಅಲ್ಲಿಗೆ ನಿಲ್ಲಿಸದೆ, ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹೀಗೆ ಬರೆದೆ: ‘ಅಪರ್ಯಾಪ್ತ ಕೊಬ್ಬಿನಾಮ್ಲಗಳು ಮತ್ತು ಕೊಲೆಸ್ಟರಾಲ್ ಪೊರೆಯನ್ನು ದ್ರವವಾಗಿ ಇಡುತ್ತವೆ.’

ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮಿಸ್, ಕೊಬ್ಬರಿ ಎಣ್ಣೆ ಗಟ್ಟಿ ಆಗೋದು ಅದರಲ್ಲಿ ಕೊಲೆಸ್ಟರಾಲ್ ಇರೋದಕ್ಕೇ ಅಲ್ವಾ?”

ಇಲ್ಲ, ಅದರಲ್ಲಿ ಕೊಲೆಸ್ಟರಾಲ್ ಇಲ್ಲವೆಂದೇ ಹೇಳಬಹುದು, ಅದು ಪ್ರಾಣಿಗಳ ಪದಾರ್ಥ ಎಂದೆ. ಅವಳು ಕೂರಲಿಲ್ಲ. “ನಮ್ಮಪ್ಪಂಗೆ ಕೊಲೆಸ್ಟರಾಲ್ ಜಾಸ್ತಿ ಇದೆ ಅಂತ ಡಾಕ್ಟ್ರು ಹೇಳಿದಾರೆ. ಹಾಗಾದ್ರೆ ಅವರ ಪೊರೆ ಎಲ್ಲ ತುಂಬ ತೆಳ್ಳಗೆ, ನೀರು ನೀರಾಗಿ ಇರುತ್ತಾ ಮಿಸ್?”

ನಾನು ಹಲಗೆಯ ಕಡೆ ನೋಡಿದೆ. ನಾನೇ ಬರೆದ ವಾಕ್ಯದಿಂದ ಅವಳು ನ್ಯಾಯವಾಗಿಯೇ ಆ ತೀರ್ಮಾನಕ್ಕೆ ಬಂದಿದ್ದಳು. ಹಾಗಲ್ಲ, ಕೊಲೆಸ್ಟರಾಲ್ ಪೊರೆಯನ್ನು ಸ್ವಲ್ಪ ಗಟ್ಟಿಯೂ ಮಾಡುತ್ತದೆ ಎಂದುಬಿಟ್ಟೆ. ಹಿಂದಿನ ಬೆಂಚಿನಿಂದ ಯಾರೋ “ಯಾವುದು ಬರ್ಕೊಳ್ಳೋದು ಮಿಸ್?” ಎಂದರು. ಗಂಟೆ ಹೊಡೆಯಿತು.

ಅಂದು ವೀಕ್ಷಣೆಗೆ ಬಂದಿದ್ದ ನಮ್ಮ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಉಪಕರಣದ ಬಳಕೆ, ಧ್ವನಿಯ ಏರಿಳಿತ ಎಲ್ಲದಕ್ಕೂ ಒಳ್ಳೆಯ ಮಾತು ಬರೆದು, ಕೊನೆಯ ಸಾಲಿನಲ್ಲಿ ನನ್ನ ಹಲಗೆಯ ವಾಕ್ಯವನ್ನು ನಕಲು ಮಾಡಿ, ಅದರ ಮುಂದೆ ಎರಡೇ ಪದ ಬರೆದಿದ್ದರು: ‘ಯಾವ ಉಷ್ಣತೆಯಲ್ಲಿ?’

ಎರಡು ಪದದ ಆ ಟೀಕೆ ನನಗೆ ಎರಡು ದಿನದ ಓದಾಯಿತು. ನನ್ನ ಎಂ.ಎಸ್ಸಿ. ಟಿಪ್ಪಣಿಗಳನ್ನು ತೆಗೆದು ನೋಡಿದರೆ ಅಲ್ಲೂ ಇದ್ದದ್ದು ಕಂಠಪಾಠದ ಒಂದು ಸಾಲು: ಕೊಲೆಸ್ಟರಾಲ್ ಹೆಚ್ಚು ಉಷ್ಣತೆಯಲ್ಲಿ ದ್ರವತೆಯನ್ನು ತಗ್ಗಿಸುತ್ತದೆ, ಕಡಿಮೆ ಉಷ್ಣತೆಯಲ್ಲಿ ಹೆಚ್ಚಿಸುತ್ತದೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಸಿಕ್ಕಿತ್ತು. ಒಂದೇ ಅಣು ಎರಡು ವಿರುದ್ಧ ಕೆಲಸ ಹೇಗೆ ಮಾಡುತ್ತದೆ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ನಾನು ಮಾಡಿದ ತಪ್ಪು ಎಲ್ಲಿದೆ ಎಂದು ಹುಡುಕಿದಾಗ ಅದು ಎಣ್ಣೆ ಬಾಟಲಿಯಲ್ಲಿ ಇರಲಿಲ್ಲ, ‘ಮತ್ತು’ ಎಂಬ ಪದದಲ್ಲಿ ಇತ್ತು. ಅಪರ್ಯಾಪ್ತ ಕೊಬ್ಬಿನಾಮ್ಲವನ್ನೂ ಕೊಲೆಸ್ಟರಾಲನ್ನೂ ಒಂದೇ ಕೆಲಸದ ಇಬ್ಬರು ಆಳುಗಳಂತೆ ಒಂದೇ ವಾಕ್ಯಕ್ಕೆ ಕಟ್ಟಿದ್ದೆ. ಅವು ಮಾಡುವುದು ಒಂದೇ ಕೆಲಸವಲ್ಲ.

ಪೊರೆಯ ಫಾಸ್ಫೊಲಿಪಿಡ್ ಅಣುವಿಗೆ ನೀರನ್ನು ಬಯಸುವ ಒಂದು ತಲೆ, ನೀರಿನಿಂದ ದೂರ ಸರಿಯುವ ಎರಡು ಬಾಲ. ಬಾಲಗಳು ಒಳಮುಖವಾಗಿ ಎರಡು ಪದರವಾಗಿ ಇಂಥ ಅಣುಗಳು ನಿಂತಿವೆ. ಬಿಸಿ ಇದ್ದಾಗ ಬಾಲಗಳು ಒನೆಯುತ್ತವೆ, ತಿರುಚುತ್ತವೆ, ಅಣುಗಳು ಪಕ್ಕಪಕ್ಕಕ್ಕೆ ಜಾರಿ ಜಾಗ ಬದಲಿಸುತ್ತವೆ. ಉಷ್ಣತೆ ಇಳಿಸುತ್ತ ಹೋದರೆ ಒಂದು ಹಂತದಲ್ಲಿ ಬಾಲಗಳೆಲ್ಲ ನೆಟ್ಟಗಾಗಿ ಸಾಲಾಗಿ ಒತ್ತಿಕೊಂಡು ನಿಂತುಬಿಡುತ್ತವೆ. ಪದರ ಪದರವಾಗಿಯೇ ಉಳಿಯುತ್ತದೆ, ಹೆಪ್ಪುಗಟ್ಟಿದ ಎಣ್ಣೆಯಂತೆ ಗಡ್ಡೆಯಾಗುವುದಿಲ್ಲ. ಆದರೆ ಹರಿವು ನಿಂತಂತೆ. ಅದರಲ್ಲಿ ನೆಲೆಸಿದ ಪ್ರೋಟೀನುಗಳು ಸರಿದಾಡಲೂ ಆಕಾರ ಬದಲಿಸಲೂ ಕಷ್ಟವಾಗುತ್ತದೆ. ಇನ್ನೊಂದು ತೊಂದರೆಯೂ ಇದೆ. ಹೆಪ್ಪುಗಟ್ಟುವ ಆ ಹಂತದಲ್ಲಿ ಪೊರೆಯ ಒಂದು ತುಂಡು ಗಟ್ಟಿ, ಪಕ್ಕದ ತುಂಡು ದ್ರವ. ಆ ಎರಡರ ನಡುವಿನ ಅಂಚು ಸರಿಯಾಗಿ ಕೂಡಿಕೊಳ್ಳದೆ ಸಣ್ಣ ಅಯಾನುಗಳು ಸೋರುತ್ತವೆ. ಕೋಶಕ್ಕೆ ಪೂರ್ತಿ ಗಟ್ಟಿಯಾಗುವುದೂ ಅಪಾಯ, ಆ ದಾರಿಯಲ್ಲಿ ಹಾದು ಹೋಗುವುದೂ ಅಪಾಯ.

ಈ ಹೆಪ್ಪುಗಟ್ಟುವ ಬಿಂದು ಎಲ್ಲಿ ಇರಬೇಕು ಎಂಬುದನ್ನು ತೀರ್ಮಾನಿಸುವುದು ಬಾಲಗಳ ಉದ್ದ ಮತ್ತು ಸೊಟ್ಟ. ಎರಡೂ ಬಾಲ 16 ಇಂಗಾಲದ ಪರ್ಯಾಪ್ತ ಪಾಮಿಟಿಕ್ ಆಮ್ಲವಾಗಿರುವ ಫಾಸ್ಫಟಿಡೈಲ್‌ಕೋಲಿನ್ ಎಂಬ ಲಿಪಿಡ್ ಮಾತ್ರದಿಂದ ಪೊರೆ ಮಾಡಿದರೆ ಅದು ಸುಮಾರು 41 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ನಮ್ಮ ದೇಹದ ಉಷ್ಣತೆ 37. ಅಂದರೆ ಅಂಥ ಪೊರೆ ಜ್ವರ ಬಂದಾಗಲಷ್ಟೇ ಕರಗಲು ಹೊರಟೀತು! ಈಗ ಎರಡರಲ್ಲಿ ಒಂದೇ ಬಾಲವನ್ನು ತೆಗೆದು, ನಡುವೆ ಒಂದು ದ್ವಿಬಂಧವಿರುವ ಓಲಿಕ್ ಆಮ್ಲವನ್ನು ಹಾಕಿ. ಹೆಪ್ಪುಗಟ್ಟುವ ಬಿಂದು ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೆ ಇಳಿಯುತ್ತದೆ. ಒಂದು ಬಾಲದ ಒಂದು ಸೊಟ್ಟ ಮಾಡಿದ ಕೆಲಸ ಅದು. ಕೆಲಸ ಮಾಡಿದ್ದು ದ್ವಿಬಂಧವೋ ಸೊಟ್ಟವೋ ಎಂಬ ಅನುಮಾನವಿದ್ದರೆ ಓಲಿಕ್ ಆಮ್ಲವನ್ನು ಅದರ ಟ್ರಾನ್ಸ್ ರೂಪವಾದ ಎಲೈಡಿಕ್ ಆಮ್ಲದ ಪಕ್ಕ ಇಟ್ಟು ನೋಡಬೇಕು. ಎರಡರಲ್ಲೂ ಇಂಗಾಲ 18, ದ್ವಿಬಂಧ ಒಂದು, ಅದೂ ಅದೇ ಜಾಗದಲ್ಲಿ. ಆದರೆ ಓಲಿಕ್ ಸೊಟ್ಟ, ಎಲೈಡಿಕ್ ಹೆಚ್ಚುಕಡಿಮೆ ನೇರ. ಓಲಿಕ್ ಸುಮಾರು 13 ಡಿಗ್ರಿಯಲ್ಲೇ ಕರಗಿದರೆ ಎಲೈಡಿಕ್ ಕರಗಲು ಸುಮಾರು 45 ಡಿಗ್ರಿ ಬೇಕು. ನಾವು ಹಲಗೆಯ ಮೇಲೆ ಅಪರ್ಯಾಪ್ತ ಬಾಲವನ್ನು ನೇರ ಗೆರೆಯಾಗಿ ಎಳೆದು ಮಧ್ಯೆ ಎರಡು ಗೀಟು ಹಾಕಿದರೆ, ಚಿತ್ರದಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ನಾನು ಅಂದು ಎಳೆದದ್ದು ಹಾಗೆಯೇ.

ಚಳಿಗೆ ತಕ್ಕಂತೆ ಈ ಬಿಂದುವನ್ನು ಸರಿಸಿಕೊಳ್ಳುವುದು ಜೀವಿಗಳಿಗೆ ಗೊತ್ತು. ಇ. ಕೋಲೈ ಬ್ಯಾಕ್ಟೀರಿಯವನ್ನು 40 ಡಿಗ್ರಿಯಲ್ಲಿ ಬೆಳೆಸಿದಾಗ ಅದರ ಕೊಬ್ಬಿನಾಮ್ಲಗಳಲ್ಲಿ ಪಾಮಿಟಿಕ್ ಆಮ್ಲ ಸುಮಾರು ಶೇ. 48 ಇರುತ್ತದೆ, 10 ಡಿಗ್ರಿಯಲ್ಲಿ ಬೆಳೆಸಿದರೆ ಶೇ. 18ಕ್ಕೆ ಇಳಿಯುತ್ತದೆ. ಒಂದು ದ್ವಿಬಂಧವಿರುವ 18 ಇಂಗಾಲದ ಆಮ್ಲ ಶೇ. 12ರಿಂದ 38ಕ್ಕೆ ಏರುತ್ತದೆ. ಗಮನಿಸಬೇಕಾದದ್ದು, ಇ. ಕೋಲೈ ಪೊರೆಯಲ್ಲಿ ಕೊಲೆಸ್ಟರಾಲ್ ಇಲ್ಲವೇ ಇಲ್ಲ. ಬಾಲ ಬದಲಿಸುವುದೊಂದೇ ಅದರ ಮುಖ್ಯ ಉಪಾಯ. ನಮ್ಮ ಕೆರೆಗಳಲ್ಲಿ ಸಾಕುವ ಸಾಮಾನ್ಯ ಗೆಂಡೆ ಮೀನು ಕೂಡ ನೀರು ತಣ್ಣಗಾದಾಗ ಪರ್ಯಾಪ್ತ ಬಾಲಕ್ಕೆ ದ್ವಿಬಂಧ ಹಾಕುವ ಡಿಸ್ಯಾಚುರೇಸ್ ಎಂಬ ಕಿಣ್ವವನ್ನು ಯಕೃತ್ತಿನಲ್ಲಿ ಹೆಚ್ಚಿಸಿಕೊಳ್ಳುತ್ತದೆ. ಇದು ಗಂಟೆ ಹೊಡೆದ ಕೂಡಲೇ ಆಗುವ ಕೆಲಸವಲ್ಲ, ದಿನಗಳು ಹಿಡಿಯುತ್ತದೆ.

ಇನ್ನು ಕೊಲೆಸ್ಟರಾಲ್. ಅದರ ಆಕಾರವೇ ಬೇರೆ. ನಾಲ್ಕು ಉಂಗುರಗಳು ಒಂದಕ್ಕೊಂದು ಅಂಟಿಕೊಂಡು ಆದ ಗಡುಸಾದ, ಚಪ್ಪಟೆಯಾದ ಹಲಗೆ. ಒಂದು ತುದಿಯಲ್ಲಿ ನೀರನ್ನು ಬಯಸುವ ಚಿಕ್ಕ ಹೈಡ್ರಾಕ್ಸಿಲ್ ಗುಂಪು, ಇನ್ನೊಂದು ತುದಿಯಲ್ಲಿ ಮೋಟು ಬಾಲ. ಹೈಡ್ರಾಕ್ಸಿಲ್ ತುದಿ ಫಾಸ್ಫೊಲಿಪಿಡ್ ತಲೆಗಳ ಹತ್ತಿರ ನಿಲ್ಲುತ್ತದೆ, ಗಡುಸಾದ ಹಲಗೆ ಪಕ್ಕದ ಬಾಲಗಳ ಮೇಲ್ಭಾಗಕ್ಕೆ ಒತ್ತಿಕೊಳ್ಳುತ್ತದೆ. ಬಾಲಗಳು ಜೋರಾಗಿ ಒನೆಯುತ್ತಿರುವಾಗ ಈ ಹಲಗೆ ಅವುಗಳ ಮೇಲ್ಭಾಗವನ್ನು ತಡೆದು ನೆಟ್ಟಗೆ ಮಾಡುತ್ತದೆ. ಪೊರೆ ಬಿಗಿಯಾಗುತ್ತದೆ, ಸೋರುವುದು ಕಡಿಮೆಯಾಗುತ್ತದೆ. ಬಾಲಗಳು ಸಾಲಾಗಿ ಒತ್ತಿ ನಿಲ್ಲಲು ಹೊರಟಾಗ ಇದೇ ಹಲಗೆ ಸಾಲಿನ ನಡುವೆ ಹೊಂದದ ವಸ್ತುವಾಗಿ ನಿಂತು ಅಚ್ಚುಕಟ್ಟಾದ ಜೋಡಣೆ ಆಗದಂತೆ ನೋಡಿಕೊಳ್ಳುತ್ತದೆ. ಎರಡೂ ಸಲ ಕೊಲೆಸ್ಟರಾಲ್ ಮಾಡಿದ್ದು ಒಂದೇ: ನಡುವೆ ಗಡುಸಾಗಿ ನಿಂತದ್ದು. ಬದಲಾದದ್ದು ಅಕ್ಕಪಕ್ಕದವರ ಸ್ಥಿತಿ.

1960ರ ದಶಕದಲ್ಲಿ ಡೆನಿಸ್ ಚಾಪ್‌ಮನ್ ಮತ್ತು ಅವರ ಸಹೋದ್ಯೋಗಿಗಳು ಮಾಡಿದ ಅಳತೆಗಳು ನನಗೆ ಇದನ್ನು ಖಚಿತ ಮಾಡಿದವು. ಆ ಪಾಮಿಟಿಕ್ ಲಿಪಿಡ್ ಪೊರೆಯನ್ನು ನಿಧಾನವಾಗಿ ಬಿಸಿ ಮಾಡುತ್ತ ಅದು ಎಷ್ಟು ಶಾಖ ಹೀರುತ್ತದೆ ಎಂದು ಅಳೆದರೆ 41 ಡಿಗ್ರಿಯಲ್ಲಿ ಚೂಪಾದ ಒಂದು ಶಿಖರ ಕಾಣುತ್ತದೆ. ಅಲ್ಲಿ ಅದು ಕರಗುತ್ತಿದೆ ಎಂದರ್ಥ. ಕೊಲೆಸ್ಟರಾಲ್ ಬೆರೆಸುತ್ತ ಹೋದರೆ ಶಿಖರ ತಗ್ಗುತ್ತದೆ, ಹರಡಿಕೊಳ್ಳುತ್ತದೆ. ಎರಡೂ ಅಣುಗಳ ಸಂಖ್ಯೆ ಸಮವಾಗುವ ಹೊತ್ತಿಗೆ ಮಾಯವಾಗುತ್ತದೆ. ಬಿಂದು ಮೇಲಕ್ಕೋ ಕೆಳಕ್ಕೋ ದೂರ ಸರಿದದ್ದಲ್ಲ, ಬಿಂದು ಅಳಿಸಿಹೋದದ್ದು. ಅಪರ್ಯಾಪ್ತ ಬಾಲ ಗಡಿಯನ್ನು ಸರಿಸುತ್ತದೆ, ಕೊಲೆಸ್ಟರಾಲ್ ಗಡಿಯನ್ನೇ ಅಳಿಸುತ್ತದೆ. ನನ್ನ ‘ಮತ್ತು’ ಮುಚ್ಚಿಟ್ಟಿದ್ದ ವ್ಯತ್ಯಾಸ ಇದು. ನಮ್ಮ ಕೆಂಪು ರಕ್ತಕಣದ ಪೊರೆಯಲ್ಲಿ ಫಾಸ್ಫೊಲಿಪಿಡ್ ಅಣುಗಳಿಗೆ ಹತ್ತಿರ ಹತ್ತಿರ ಸಮನಾದ ಸಂಖ್ಯೆಯಲ್ಲಿ ಕೊಲೆಸ್ಟರಾಲ್ ಇದೆ ಎಂಬುದು ಆಗ ನನಗೆ ಬೇರೆಯಾಗಿಯೇ ಕಂಡಿತು.

ಇನ್ನೊಂದು ಮಾತು, ಪುಸ್ತಕಗಳು ಸಾಮಾನ್ಯವಾಗಿ ಒತ್ತಿ ಹೇಳದ್ದು. 37 ಡಿಗ್ರಿಯಲ್ಲಿರುವ ನಮ್ಮ ದೇಹದಲ್ಲಿ, ಸೊಟ್ಟ ಬಾಲದ ಲಿಪಿಡ್‌ಗಳು ಹೇಗೂ ದ್ರವವಾಗಿಯೇ ಇರುತ್ತವೆ. ಅವುಗಳ ನಡುವೆ ಕೊಲೆಸ್ಟರಾಲ್ ಮಾಡುವುದು ಮುಖ್ಯವಾಗಿ ಬಿಗಿ ಮಾಡುವ ಕೆಲಸ. ‘ಚಳಿಯಲ್ಲಿ ದ್ರವವಾಗಿಡುತ್ತದೆ’ ಎಂಬ ಅದರ ಇನ್ನೊಂದು ಮುಖ ಕಾಣುವುದು ಪೊರೆ ತನ್ನ ಹೆಪ್ಪುಗಟ್ಟುವ ಬಿಂದುವಿಗಿಂತ ಕೆಳಗೆ ಇಳಿದಾಗ. ಆದ್ದರಿಂದ ‘ಹೆಚ್ಚು ಉಷ್ಣತೆ’, ‘ಕಡಿಮೆ ಉಷ್ಣತೆ’ ಎಂದು ಬರೆಯುವಾಗ ಯಾವುದಕ್ಕಿಂತ ಹೆಚ್ಚು, ಯಾವುದಕ್ಕಿಂತ ಕಡಿಮೆ ಎಂದು ಹೇಳದಿದ್ದರೆ ವಾಕ್ಯ ಅರ್ಧವೇ. ಮಾರ್ಗದರ್ಶಕರ ಪ್ರಶ್ನೆ ಕೇಳಿದ್ದೂ ಅದನ್ನೇ.

ಇದನ್ನೆಲ್ಲ ಒಂಬತ್ತನೇ ತರಗತಿಗೆ ಹೇಳಲಾಗದು. ಆ ಮಕ್ಕಳಿಗೆ ದ್ವಿಬಂಧ ಬರುವುದೇ ಹತ್ತನೇ ತರಗತಿಯಲ್ಲಿ. ಆದರೆ ತಪ್ಪು ಹೇಳಿ ಬಂದಿದ್ದೆ, ಸರಿಪಡಿಸದೆ ಬಿಡುವಂತಿರಲಿಲ್ಲ. ಶಾಲೆಯ ವಿಜ್ಞಾನ ಶಿಕ್ಷಕಿ ಮೇಡಂ ಅವರನ್ನು ಕೇಳಿ ಇನ್ನೊಂದು ಅವಧಿ ಪಡೆದೆ. ಮಕ್ಕಳನ್ನು ಜಗಲಿಗೆ ಕರೆದುಕೊಂಡು ಬಂದೆ. ಪ್ರತಿಯೊಬ್ಬರೂ ಒಂದು ಲಿಪಿಡ್ ಅಣು, ತಲೆಯೇ ತಲೆ, ಎರಡು ಕಾಲೇ ಎರಡು ಬಾಲ.

ಮೊದಲು ಹತ್ತು ಹುಡುಗರು ಕಾಲು ಜೋಡಿಸಿ, ಭುಜಕ್ಕೆ ಭುಜ ತಾಗಿಸಿ ಒಂದು ಸಾಲಾಗಿ ನಿಂತರು. ಸಾಲು ಎಲ್ಲಿಗೆ ಮುಗಿಯಿತು ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಆಮೇಲೆ ಒಬ್ಬರು ಬಿಟ್ಟು ಒಬ್ಬರು ಒಂದು ಕಾಲನ್ನು ಮಂಡಿಯಲ್ಲಿ ಪಕ್ಕಕ್ಕೆ ಮಡಿಸಬೇಕೆಂದೆ. ಸಾಲು ಗೆರೆ ದಾಟಿ ಇಬ್ಬರಷ್ಟು ಉದ್ದವಾಯಿತು. ‘ಈಗ ಚಳಿ, ಒತ್ತಿಕೊಳ್ಳಿ’ ಎಂದರೂ ಗೆರೆಯೊಳಗೆ ಬರಲು ಆಗಲಿಲ್ಲ. ಅಪರ್ಯಾಪ್ತ ಬಾಲದ ಪಾಠ ಎರಡು ನಿಮಿಷದಲ್ಲಿ ಮುಗಿಯಿತು.

ಕೊಲೆಸ್ಟರಾಲ್‌ಗೆ ಪರೀಕ್ಷೆಯಲ್ಲಿ ಬರೆಯಲು ಇಟ್ಟುಕೊಳ್ಳುವ ರಟ್ಟಿನ ಪ್ಯಾಡ್ ತರಿಸಿದ್ದೆ. ಕಾಲು ಜೋಡಿಸಿ ನಿಂತ ಸಾಲಿನಲ್ಲಿ ಇಬ್ಬರಿಬ್ಬರ ನಡುವೆ, ಸೊಂಟದಿಂದ ತೊಡೆಯವರೆಗೆ ಬರುವಂತೆ, ಒಂದೊಂದು ಪ್ಯಾಡ್ ನಿಲ್ಲಿಸಿದೆ. ‘ಚಳಿ’ ಎಂದಾಗ ಸಾಲು ಒತ್ತಿಕೊಂಡರೂ ಪ್ಯಾಡ್ ಅಡ್ಡ ಬಂದು ನೇರವಾಗಲಿಲ್ಲ. ಮಕ್ಕಳೆಲ್ಲ “ಪ್ಯಾಡ್ ಇದ್ರೆ ಸಡಿಲ ಮಿಸ್” ಎಂದು ಒಂದೇ ಧ್ವನಿಯಲ್ಲಿ ಹೇಳಿದರು. ಮತ್ತೆ ಅದೇ ಹಳೆಯ ತಪ್ಪಿನ ಬಾಗಿಲಿಗೆ ಬಂದು ನಿಂತಿದ್ದೆವು! ನಾನು ‘ಚಳಿ’ಯನ್ನು ಮೊದಲು ತೋರಿಸಿದ್ದರಿಂದ ಪ್ಯಾಡ್ ಸಡಿಲ ಮಾಡುವ ವಸ್ತು ಎಂದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಅದೇ ಸಾಲನ್ನು ಕದಲಿಸದೆ ‘ಈಗ ಸೆಕೆ, ಕಾಲು ಸಡಿಲ ಬಿಟ್ಟು ಇದ್ದಲ್ಲೇ ಕುಣಿಯಿರಿ’ ಎಂದೆ. ಕುಣಿಯಲು ಹೋದರೆ ತೊಡೆಗೆ ಪ್ಯಾಡ್ ತಾಗುತ್ತಿತ್ತು, ಪಾದ ಮಾತ್ರ ಆಡುತ್ತಿತ್ತು. ಆಗ ನಿಲ್ಲಿಸಿ ಕೇಳಿದೆ: “ಈಗ ಪ್ಯಾಡ್ ತೆಗೆದರೆ ಏನಾಗುತ್ತೆ?” ಒಬ್ಬ ಹುಡುಗ “ಇನ್ನೂ ಜೋರಾಗಿ ಕುಣಿಬಹುದು” ಎಂದ. “ಚಳಿಯಲ್ಲಿ ತೆಗೆದಿದ್ದರೆ?” ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮೂರನೇ ಬೆಂಚಿನ ಅದೇ ಹುಡುಗಿ, “ಗಟ್ಟಿಯಾಗಿ ಅಂಟಿಕೊಳ್ಳೋರು. ಪ್ಯಾಡ್ ಅಷ್ಟೇ ಮಿಸ್, ಅದೇನೂ ಬದಲಾಗ್ಲಿಲ್ಲ” ಎಂದಳು.

ಈ ಚಟುವಟಿಕೆಯನ್ನು ಮಾಡಬಯಸುವ ಪ್ರಶಿಕ್ಷಣಾರ್ಥಿ ಮಿತ್ರರಿಗೆ ನನ್ನ ಅನುಭವದಿಂದ ಹೇಳುವುದು ಇಷ್ಟು: ಒಂದೇ ಸಾಲಿಗೆ ಚಳಿ ಸೆಕೆ ಎರಡನ್ನೂ ಕೊಡಿ, ಪ್ಯಾಡ್ ಇಟ್ಟಾಗ ಏನಾಯಿತು ಎಂದು ಕೇಳುವುದಕ್ಕಿಂತ ತೆಗೆದರೆ ಏನಾಗುತ್ತದೆ ಎಂದು ಕೇಳಿ. ತಪ್ಪು ಕಲ್ಪನೆ ಉಳಿದಿದ್ದರೆ ಎರಡನೆಯ ಪ್ರಶ್ನೆಯಲ್ಲಿ ಹೊರಬೀಳುತ್ತದೆ. ಸಾಲು ಇರುವುದು ಒಂದೇ ಪದರ, ನಿಜವಾದ ಪೊರೆಯಲ್ಲಿ ಪಾದಕ್ಕೆ ಪಾದ ಎದುರಾಗಿ ಎರಡು ಪದರ ಎಂಬುದನ್ನೂ ಹೇಳಬೇಕು. ನಾನು ಮರೆತಿದ್ದೆ, ಮೇಡಂ ನೆನಪಿಸಿದರು.

ಅವಧಿ ಮುಗಿದ ಮೇಲೆ ಆ ಹುಡುಗಿಯನ್ನು ಕರೆದು ಕೂರಿಸಿಕೊಂಡೆ. ಅವಳ ತಂದೆಯ ಪ್ರಶ್ನೆ ಬಾಕಿ ಇತ್ತು. ಡಾಕ್ಟರು ಅಳೆಸಿದ್ದು ರಕ್ತದಲ್ಲಿ ಕಣಗಳ ಮೇಲೆ ಸವಾರಿ ಹೋಗುವ ಕೊಲೆಸ್ಟರಾಲ್, ಅದು ಹೆಚ್ಚಾದರೆ ರಕ್ತನಾಳದ ಗೋಡೆಯಲ್ಲಿ ಕೂರುತ್ತದೆ ಎಂಬುದು ಅವರ ಚಿಂತೆ. ಪೊರೆಯಲ್ಲಿ ಎಷ್ಟು ಇರಬೇಕೆಂಬುದನ್ನು ಕೋಶ ತಾನೇ ನೋಡಿಕೊಳ್ಳುತ್ತದೆ. ಸಾಕಾದಷ್ಟು ಇದ್ದರೆ ತಾನು ತಯಾರಿಸುವುದನ್ನು ತಗ್ಗಿಸುತ್ತದೆ, ರಕ್ತದಿಂದ ಎಳೆದುಕೊಳ್ಳುವುದನ್ನೂ ತಗ್ಗಿಸುತ್ತದೆ. ಈ ಹಿಡಿತವನ್ನು ತೋರಿಸಿಕೊಟ್ಟ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಆದ್ದರಿಂದ ಅಪ್ಪನ ಪೊರೆಗಳು ನೀರಾಗಿಲ್ಲ, ಡಾಕ್ಟರು ಹೇಳಿದ ಪಥ್ಯವನ್ನು ಬಿಡುವಂತೆಯೂ ಇಲ್ಲ ಎಂದೆ. “ಅಪ್ಪ ಕೊಬ್ಬರಿ ಎಣ್ಣೆ ಬಿಟ್ಟಿದಾರೆ, ಅದರಲ್ಲಿ ಕೊಲೆಸ್ಟರಾಲ್ ಇಲ್ಲ ಅಂತ ಹೇಳ್ಲಾ?” ಎಂದು ಕೇಳಿದಳು. ಅದರಲ್ಲಿ ಕೊಲೆಸ್ಟರಾಲ್ ಇಲ್ಲದಿದ್ದರೂ ಪರ್ಯಾಪ್ತ ಕೊಬ್ಬು ಹೆಚ್ಚು, ಅದು ರಕ್ತದ ಕೊಲೆಸ್ಟರಾಲನ್ನು ಏರಿಸುತ್ತದೆ, ತಿನ್ನುವ ವಿಷಯ ಡಾಕ್ಟರನ್ನೇ ಕೇಳಲಿ ಎಂದೆ. ಈ ಸಲ ಅಳೆದು ಮಾತಾಡಿದೆ.

ನಮಗೆ ನಾವೇ ತಿಳಿದಿರಬೇಕಾದದ್ದು ಒಂದಿದೆ, ಅವಳಿಗೆ ನಾನು ಹೇಳಲಿಲ್ಲ. ತೀವ್ರವಾದ ಕೆಲವು ಯಕೃತ್ತಿನ ಕಾಯಿಲೆಗಳಲ್ಲಿ ಕೆಂಪು ರಕ್ತಕಣದ ಪೊರೆಗೆ ನಿಜವಾಗಿಯೂ ಹೆಚ್ಚುವರಿ ಕೊಲೆಸ್ಟರಾಲ್ ಸೇರಿಕೊಳ್ಳುತ್ತದೆ. ಪ್ರೌಢ ಕೆಂಪು ರಕ್ತಕಣ ತಾನಾಗಿ ಕೊಲೆಸ್ಟರಾಲ್ ತಯಾರಿಸುವುದಿಲ್ಲ, ರಕ್ತದಲ್ಲಿ ಸಿಕ್ಕಿದ್ದಕ್ಕೆ ತಕ್ಕಂತೆ ಅದರ ಪೊರೆ ಬದಲಾಗುತ್ತದೆ. ಆಗ ಕಣ ದುಂಡಗೆ ಇರದೆ ಮುಳ್ಳುಮುಳ್ಳಾಗುತ್ತದೆ, ಗಡುಸಾಗಿ ಗುಲ್ಮದ ಕಿರಿದಾದ ದಾರಿಗಳಲ್ಲಿ ನುಸುಳಲಾರದೆ ನಾಶವಾಗುತ್ತದೆ. 37 ಡಿಗ್ರಿಯಲ್ಲಿ ಕೊಲೆಸ್ಟರಾಲ್ ಪೊರೆಯನ್ನು ಯಾವ ಕಡೆಗೆ ಎಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಕಂಡಿಲ್ಲ.

ಕೊನೆಯ ದಿನ ಹಿಂದಿನ ಬೆಂಚಿನ ಹುಡುಗ ಬಂದು, ಗಿಡಗಳಲ್ಲಿ ಕೊಲೆಸ್ಟರಾಲ್ ಇಲ್ಲ ಅಂದಿರಲ್ಲ, ಹಾಗಾದರೆ ಕಾಫಿ ಗಿಡದ ಪೊರೆಗೆ ಪ್ಯಾಡ್ ಯಾರು ಎಂದು ಕೇಳಿದ. ಗಿಡಗಳಲ್ಲಿ ಅದು ಇರುವುದು ತೀರಾ ಅತ್ಯಲ್ಪ, ಅದರ ಜಾಗದಲ್ಲಿ ಸಿಟೊಸ್ಟೆರಾಲ್‌ನಂಥ ಅದರ ದಾಯಾದಿಗಳಿವೆ, ಅಣಬೆ ಮತ್ತು ಯೀಸ್ಟ್‌ಗಳಲ್ಲಿ ಎರ್ಗೊಸ್ಟೆರಾಲ್ ಇದೆ ಎಂದೆ. ಎಲ್ಲವೂ ನಾಲ್ಕು ಉಂಗುರದ ಅಂಥದೇ ಗಡುಸು ಹಲಗೆ, ಸಣ್ಣಪುಟ್ಟ ವಿವರಗಳು ಬೇರೆ ಬೇರೆ. ಅವನು ತನ್ನ ನೋಟ್ ಪುಸ್ತಕ ತೆಗೆದು ಹಳೆಯ ವಾಕ್ಯದ ‘ಮತ್ತು’ ಮೇಲೆ ಹಾಕಿದ್ದ ಅಡ್ಡಗೀಟು ತೋರಿಸಿ, ಅದರ ಕೆಳಗೆ ‘ಕೊಲೆಸ್ಟರಾಲ್’ ಎಂದಿದ್ದ ಕಡೆ ‘ಪ್ಯಾಡ್‌ಗಳು’ ಎಂದು ಬರೆದುಕೊಂಡ.